ನೀಲಿ ಟಿಕ್ ಬಿದ್ದ ಮೇಲೆ: ಉತ್ತರಕ್ಕೆ ಕಾಯುವ ಮನಸ್ಸಿನ ತಳಮಳ

ಮನಸ್ಸಿಗೆ ಹಿಡಿಸಿದವರಿಗೆ ಸಂದೇಶ ಕಳಿಸಿ ಉತ್ತರಕ್ಕೆ ಕಾಯುವಾಗ ಹುಟ್ಟುವ ತಳಮಳದಲ್ಲಿ ಎರಡು ಭಾಗಗಳಿವೆ. ಉತ್ತರ ಏನು ಬರುತ್ತದೋ ಎಂಬ ಕಳವಳ ಮೊದಲನೆಯದು. ಅದು ಸಹಜ, ಪೂರ್ತಿಯಾಗಿ ಹೋಗುವಂಥದ್ದಲ್ಲ. ಎರಡನೆಯದನ್ನು ಕಾಯುವವರು ತಮಗೆ ತಿಳಿಯದಂತೆಯೇ ಸೇರಿಸುತ್ತಾರೆ. ಮತ್ತೆ ಮತ್ತೆ ಫೋನ್ ತೆಗೆದು ನೋಡುವುದು, ಕಂಡ ಸಣ್ಣಪುಟ್ಟ ಸುಳಿವಿಗೆಲ್ಲ ಅರ್ಥ ಹಚ್ಚುವುದು, ಆ ಅರ್ಥ ನಿಜವೇ ಎಂದು ತಿಳಿಯಲು ಮತ್ತೊಮ್ಮೆ ಫೋನ್ ತೆಗೆಯುವುದು ಈ ಭಾಗಕ್ಕೆ ಸೇರುತ್ತವೆ. ಒಂದು ಸಂಜೆಯ ಕಳವಳ ಮೂರು ದಿನದ ನಿದ್ದೆಗೇಡಾಗುವುದು ಹೆಚ್ಚಾಗಿ ಈ ಎರಡನೆಯ ಭಾಗದಿಂದ. ಕಡಿಮೆ ಮಾಡಿಕೊಳ್ಳಲು ಸಾಧ್ಯವಿರುವುದೂ ಇದನ್ನೇ.

ಟಿಕ್ ಗುರುತುಗಳು ಹೇಳುವುದೆಷ್ಟು?

ಕಾಗದ ಬರೆದು ಅಂಚೆಗೆ ಹಾಕುವ ಕಾಲದಲ್ಲಿಯೂ ಉತ್ತರಕ್ಕಾಗಿ ಜನ ಕಾತರಿಸುತ್ತಿದ್ದರು. ಆದರೆ ಕಾಗದ ತಲುಪಿತೋ ಇಲ್ಲವೋ, ಓದಿದರೋ ಇಲ್ಲವೋ ಎಂದು ಕ್ಷಣಕ್ಷಣಕ್ಕೂ ನೋಡುವ ದಾರಿ ಅವರಿಗಿರಲಿಲ್ಲ. ಅಂಚೆಯವನು ದಿನಕ್ಕೊಮ್ಮೆ ಬಂದು ಹೋದರೆ ಆ ದಿನದ ನಿರೀಕ್ಷೆ ಮುಗಿಯುತ್ತಿತ್ತು. ಈಗಿನ ಕಾಯುವಿಕೆಗೆ ಅಂಥ ವಿರಾಮವಿಲ್ಲ. ವಾಟ್ಸ್ಆ್ಯಪ್ 2014ರ ನವೆಂಬರ್‌ನಲ್ಲಿ ನೀಲಿ ಟಿಕ್ ತಂದ ಮೇಲಂತೂ ಕಾಯುವವರ ಮುಂದೆ ಸುಳಿವುಗಳ ಸಾಲೇ ಇದೆ: ಒಂದು ಬೂದು ಟಿಕ್, ಎರಡು ಬೂದು ಟಿಕ್, ಎರಡು ನೀಲಿ ಟಿಕ್, ಲಾಸ್ಟ್ ಸೀನ್, ಆನ್‌ಲೈನ್, ಸ್ಟೇಟಸ್ ನೋಡಿದವರ ಪಟ್ಟಿ.

ಇವು ಹೇಳುವ ವಿಷಯ ನಿಜವಾಗಿ ಬಹಳ ಕಡಿಮೆ. ಒಂದು ಬೂದು ಟಿಕ್ ಎಂದರೆ ಸಂದೇಶ ಹೊರಟಿದೆ, ಆ ಕಡೆಯ ಫೋನ್‌ಗೆ ಇನ್ನೂ ತಲುಪಿಲ್ಲ. ಫೋನ್ ಆಫ್ ಆಗಿರಬಹುದು, ನೆಟ್‌ವರ್ಕ್ ಇಲ್ಲದಿರಬಹುದು. ಎರಡು ಬೂದು ಟಿಕ್ ಎಂದರೆ ತಲುಪಿದೆ, ಅಷ್ಟೇ. ಆ ಕಡೆಯವರು ಪರದೆಯ ಮೇಲೆ ಮೂಡಿದ ನೋಟಿಫಿಕೇಶನ್‌ನಲ್ಲೇ ಸಂದೇಶ ಓದಿಕೊಂಡಿದ್ದರೂ ಟಿಕ್ ಬೂದಾಗಿಯೇ ಇರುತ್ತದೆ. ರೀಡ್ ರಿಸೀಪ್ಟ್ಸ್ ಆಯ್ಕೆಯನ್ನು ಆಫ್ ಮಾಡಿಟ್ಟುಕೊಂಡವರ ಚಾಟ್‌ನಲ್ಲಿ ಅದು ನೀಲಿಯಾಗುವುದೇ ಇಲ್ಲ. ನೀಲಿ ಟಿಕ್‌ನ ಅರ್ಥ ಚಾಟ್ ತೆರೆಯಲಾಗಿದೆ ಎಂದು. ಗಮನವಿಟ್ಟು ಓದಿದರೆಂದೂ ಅಲ್ಲ, ಉತ್ತರಿಸಲು ಬಿಡುವಿತ್ತೆಂದೂ ಅಲ್ಲ. 'ಆನ್‌ಲೈನ್' ಎಂದು ಕಂಡರೆ ಆ ಕ್ಷಣ ಆ್ಯಪ್ ತೆರೆದಿದೆ ಎಂದರ್ಥ. ಆಫೀಸಿನ ಗುಂಪಿಗೆ ಏನೋ ಕಳಿಸುತ್ತಿರಬಹುದು, ಮನೆಯವರ ಫೋಟೊ ನೋಡುತ್ತಿರಬಹುದು.

ಇಷ್ಟವಿದೆಯೋ ಇಲ್ಲವೋ ಎಂಬುದನ್ನು ಈ ಗುರುತುಗಳಲ್ಲಿ ಒಂದೂ ಹೇಳುವುದಿಲ್ಲ. ಕಾಯುವ ಮನಸ್ಸು ಕೇಳುವ ಪ್ರಶ್ನೆಯೋ ಅದೊಂದೇ. ಹೀಗಾಗಿ ಸುಳಿವಿಗೂ ಪ್ರಶ್ನೆಗೂ ನಡುವೆ ಉಳಿದ ಖಾಲಿ ಜಾಗವನ್ನು ಊಹೆ ತುಂಬುತ್ತದೆ. 'ನೋಡಿಯೂ ರಿಪ್ಲೈ ಮಾಡಿಲ್ಲ' ಎಂಬ ಮಾತಿನಲ್ಲಿ ಕಣ್ಣಿಗೆ ಕಂಡದ್ದು ಅರ್ಧ. 'ಬೇಕೆಂದೇ ಮಾಡಿಲ್ಲ' ಎಂಬ ಉಳಿದರ್ಧವನ್ನು ಮನಸ್ಸೇ ಜೋಡಿಸಿರುತ್ತದೆ.

'ಇಲ್ಲ'ಕ್ಕಿಂತ 'ಗೊತ್ತಿಲ್ಲ' ಏಕೆ ಭಾರ?

ಕೆಟ್ಟ ಸುದ್ದಿ ತಿಳಿದವರಿಗಿಂತ ಏನೂ ತಿಳಿಯದವರು ಹೆಚ್ಚು ಚಡಪಡಿಸುವುದುಂಟು. ಇದನ್ನು ಪ್ರಯೋಗದಲ್ಲಿ ಅಳೆದು ನೋಡಲಾಗಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 45 ಮಂದಿ ಕಂಪ್ಯೂಟರ್ ಆಟವೊಂದನ್ನು ಆಡಿದರು. ಪರದೆಯ ಮೇಲೆ ಕಾಣುವ ಕಲ್ಲಿನ ಕೆಳಗೆ ಹಾವಿದೆಯೋ ಇಲ್ಲವೋ ಎಂದು ಅವರು ಊಹಿಸಬೇಕಿತ್ತು. ಹಾವಿದ್ದಾಗಲೆಲ್ಲ ಕೈಗೆ ಸಣ್ಣ ವಿದ್ಯುತ್ ಆಘಾತ. ಅಂಗೈ ಬೆವರು ಮತ್ತು ಕಣ್ಣಪಾಪೆಯ ಹಿಗ್ಗುವಿಕೆಯಿಂದ ಅವರ ಉದ್ವೇಗವನ್ನು ಅಳೆಯಲಾಯಿತು. ಆಘಾತ ಖಂಡಿತ ಎಂದು ಗೊತ್ತಿದ್ದಾಗ ಉದ್ವೇಗ ಅತಿ ಹೆಚ್ಚಾಗಿರಲಿಲ್ಲ. ಆಗುವ ಸಾಧ್ಯತೆ ಮತ್ತು ಆಗದಿರುವ ಸಾಧ್ಯತೆ ಸರಿಸಮವಾಗಿದ್ದಾಗ ಅದು ತುತ್ತತುದಿ ಮುಟ್ಟಿತ್ತು. ಒಂದು ಕಡೆ ವಾಲಿದ ತಕ್ಕಡಿಯನ್ನು ಮೈ ಒಪ್ಪಿಕೊಳ್ಳುತ್ತದೆ, ತೂಗಾಡುವ ತಕ್ಕಡಿ ಅದನ್ನು ಎಚ್ಚರದಲ್ಲೇ ಇಡುತ್ತದೆ.

ಮೆಚ್ಚುಗೆಯ ವಿಷಯದಲ್ಲಿ ಇದಕ್ಕೆ ಇನ್ನೊಂದು ತಿರುವಿದೆ. ಅಮೆರಿಕದ ವರ್ಜೀನಿಯಾದ 47 ವಿದ್ಯಾರ್ಥಿನಿಯರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನ ಅದನ್ನು ತೋರಿಸಿತು. ಬೇರೆ ವಿಶ್ವವಿದ್ಯಾಲಯಗಳ ಹುಡುಗರು ನಿಮ್ಮ ಫೇಸ್‌ಬುಕ್ ಪುಟ ನೋಡಿದ್ದಾರೆಂದು ಅವರಿಗೆ ಹೇಳಲಾಗಿತ್ತು. ಈ ಹುಡುಗರು ನಿಮ್ಮನ್ನು ಬಹಳ ಮೆಚ್ಚಿದ್ದಾರೆ ಎಂದು ಕೆಲವರಿಗೆ, ಸಾಧಾರಣವಾಗಿ ಮೆಚ್ಚಿದ್ದಾರೆ ಎಂದು ಇನ್ನು ಕೆಲವರಿಗೆ, ಎರಡರಲ್ಲಿ ಯಾವುದೆಂದು ಗೊತ್ತಿಲ್ಲ ಎಂದು ಉಳಿದವರಿಗೆ ತಿಳಿಸಿದರು. ಬಹಳ ಮೆಚ್ಚಿದವರತ್ತ ಆಕರ್ಷಣೆ ಹೆಚ್ಚಿದ್ದುದು ನಿಜ. ಆದರೆ ಮೆಚ್ಚಿದ್ದಾರೋ ಇಲ್ಲವೋ ತಿಳಿಯದ ಹುಡುಗರತ್ತ ಆಕರ್ಷಣೆ ಅದಕ್ಕಿಂತಲೂ ಹೆಚ್ಚಾಗಿತ್ತು. ಆ ವಿದ್ಯಾರ್ಥಿನಿಯರ ಮನಸ್ಸಿನಲ್ಲಿ ಹೆಚ್ಚು ಸುಳಿದವರೂ ಅವರೇ.

ಸಣ್ಣ ಅಧ್ಯಯನವಾದರೂ ಉತ್ತರಕ್ಕೆ ಕಾಯುವವರಿಗೆ ಇದರಲ್ಲಿ ಉಪಯುಕ್ತವಾದ ಎಚ್ಚರಿಕೆಯಿದೆ. ಕಾಯುತ್ತಿರುವಾಗ ಆ ವ್ಯಕ್ತಿ ದಿನದಿಂದ ದಿನಕ್ಕೆ ಇನ್ನಷ್ಟು ಅಮೂಲ್ಯರೆನಿಸುತ್ತಿದ್ದರೆ ಅದು ಅವರ ಗುಣದಿಂದಲೇ ಆಗುತ್ತಿರಬೇಕೆಂದಿಲ್ಲ. ಅನಿಶ್ಚಿತತೆಯೇ ಆ ಹೊಳಪನ್ನು ಕೊಡುತ್ತಿರಬಹುದು. 'ಇಷ್ಟೊಂದು ನೆನಪಾಗುತ್ತಿದೆ ಎಂದರೆ ಇದು ನಿಜವಾದ ಪ್ರೀತಿಯೇ ಇರಬೇಕು' ಎಂಬ ತೀರ್ಮಾನವನ್ನು ಉತ್ತರ ಬರುವವರೆಗಾದರೂ ಮುಂದೂಡುವುದು ಒಳ್ಳೆಯದು.

ನೋಡಿದಷ್ಟೂ ನೋಡಬೇಕೆನಿಸುವುದು

ಫೋನ್ ತೆಗೆದು ನೋಡಿದಾಗ ಸಿಗುವ ಸಮಾಧಾನ ನಿಜವಾದದ್ದೇ, ಆದರೆ ಅದರ ಆಯಸ್ಸು ಒಂದೆರಡು ನಿಮಿಷ. ಹೊಸದೇನೂ ಬಂದಿಲ್ಲ ಎಂದು ಕಂಡ ಕ್ಷಣ 'ಸದ್ಯ, ಕೆಟ್ಟ ಉತ್ತರವೂ ಬಂದಿಲ್ಲ' ಎಂದು ಮನಸ್ಸು ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ 'ಈಗ ಬಂದಿರಬಹುದೇ?' ಎಂದು ಮತ್ತೆ ಏರುತ್ತದೆ. ಹೀಗೆ ಇಳಿದದ್ದು ನೋಡಿದ್ದರಿಂದ ಎಂಬ ಪಾಠವನ್ನು ಮನಸ್ಸು ಕಲಿಯುತ್ತದೆ. ನೋಡದೆ ಬಿಟ್ಟಿದ್ದರೂ ತಳಮಳ ತಾನಾಗಿಯೇ ಇಳಿಯುತ್ತಿತ್ತು ಎಂಬುದನ್ನು ಕಲಿಯುವ ಅವಕಾಶ ಅದಕ್ಕೆ ಸಿಗುವುದೇ ಇಲ್ಲ. ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಪದೇಪದೇ ಹಿಂದಿರುಗುವವರಲ್ಲಿ ಮನೋವೈದ್ಯರು ಕಾಣುವ ಸುತ್ತೂ ಇದೇ ಬಗೆಯದು.

ಇದಕ್ಕೆ ಇನ್ನೊಂದು ಕೊಂಡಿ ಸೇರುತ್ತದೆ. ಯಾವ ಸಲ ನೋಡಿದಾಗ ಉತ್ತರ ಬಂದಿರುತ್ತದೆ ಎಂದು ಮುಂಚೆಯೇ ಹೇಳಲಾಗುವುದಿಲ್ಲ. ಪ್ರತಿಫಲ ಪ್ರತಿ ಸಲವೂ ಸಿಗದೆ, ಲೆಕ್ಕಕ್ಕೆ ಸಿಗದಂತೆ ಆಗೊಮ್ಮೆ ಈಗೊಮ್ಮೆ ಸಿಕ್ಕಾಗ ಆ ಅಭ್ಯಾಸ ಬಲು ಗಟ್ಟಿಯಾಗಿ ಬೇರೂರುತ್ತದೆಂದು ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ 20ನೇ ಶತಮಾನದ ಮಧ್ಯದಲ್ಲೇ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ತೋರಿಸಿದ್ದರು. ಲಾಟರಿ, ಜೂಜಿನ ಯಂತ್ರಗಳ ಸೆಳೆತ ಇದರಲ್ಲೇ ಇದೆ. ಹಿಂದೊಮ್ಮೆ ಅದೇ ವ್ಯಕ್ತಿಯಿಂದ ಅನಿರೀಕ್ಷಿತವಾಗಿ ಸಿಹಿಯಾದ ಉತ್ತರ ಬಂದಿದ್ದರೆ, ಮುಂದಿನ ಐವತ್ತು ಸಲ ಫೋನ್ ತೆಗೆಯಲು ಆ ಒಂದು ನೆನಪೇ ಸಾಕು.

ಹಾಗಾದರೆ ಅದರ ಯೋಚನೆಯನ್ನೇ ಬಿಟ್ಟುಬಿಡಬಾರದೇ? ಗೆಳೆಯರು ಕೊಡುವ ಸಲಹೆ ಸಾಮಾನ್ಯವಾಗಿ ಇದೇ, ಫಲಿಸದ ಸಲಹೆಯೂ ಇದೇ. ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಹೆಸರಾಂತ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಎಂದು ಹೇಳಲಾಯಿತು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ಕರಡಿಯ ಬಗ್ಗೆ ಯೋಚಿಸಬಹುದು ಎಂದಾಗ, ಮೊದಲು ತಡೆಹಿಡಿದವರಿಗೆ ಆ ಯೋಚನೆ ಮೊದಲಿನಿಂದಲೂ ಯೋಚಿಸುತ್ತಿದ್ದವರಿಗಿಂತ ಹೆಚ್ಚಾಗಿ ಬಂತು. ಬಿಳಿ ಕರಡಿ ನೆನಪಾದಾಗಲೆಲ್ಲ ಕೆಂಪು ಫೋಕ್ಸ್‌ವ್ಯಾಗನ್ ಕಾರೊಂದನ್ನು ನೆನೆಯಿರಿ ಎಂದು ಒಂದು ನಿಶ್ಚಿತ ಬದಲಿಯನ್ನು ಕೊಟ್ಟಾಗ ಮಾತ್ರ ಆ ಮರುಕಳಿಕೆ ತಗ್ಗಿತು. ಎಂದರೆ, ಬೇಡ ಎಂದ ಮಾತ್ರಕ್ಕೆ ಯೋಚನೆ ಹೋಗುವುದಿಲ್ಲ. ಅದಕ್ಕೆ ಒಂದು ಸಮಯವನ್ನೂ ಒಂದು ಬದಲಿಯನ್ನೂ ಗೊತ್ತುಮಾಡಬೇಕು.

ಮಾಡಬಹುದಾದ ನಾಲ್ಕು ಕೆಲಸ

ಮೊದಲು ಮೈಯನ್ನು ಇಳಿಸಬೇಕು. ಎದೆ ಹೊಡೆದುಕೊಳ್ಳುತ್ತಿರುವಾಗ ಯಾವ ವಿವೇಕವೂ ತಲೆಗೆ ಹತ್ತುವುದಿಲ್ಲ. ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆಳೆದು, ಆರು ಎಣಿಸುವಷ್ಟು ಹೊತ್ತು ಬಿಟ್ಟರೆ ನಿಮಿಷಕ್ಕೆ ಸುಮಾರು ಆರು ಉಸಿರಾಗುತ್ತದೆ. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುವುದು ದೇಹದ ಸಹಜ ಗುಣ. ಬಿಡುವ ಉಸಿರನ್ನು ಉದ್ದ ಮಾಡುವುದು ಅದಕ್ಕಾಗಿಯೇ. ಐದು ನಿಮಿಷ ಹೀಗೆ ಮಾಡಿದರೆ ಯೋಚನೆ ನಿಲ್ಲದಿದ್ದರೂ ಅದರ ವೇಗ ಇಳಿಯುತ್ತದೆ. ತಲೆ ಸುತ್ತಿದಂತಾದರೆ ಎಣಿಕೆಯನ್ನು ಚಿಕ್ಕದು ಮಾಡಿಕೊಳ್ಳಬೇಕು.

ಎರಡನೆಯದು, ಕಂಡದ್ದನ್ನೂ ಊಹಿಸಿದ್ದನ್ನೂ ಬೇರ್ಪಡಿಸುವುದು. ಇದನ್ನು ಮನಸ್ಸಿನಲ್ಲೇ ಮಾಡಹೊರಟರೆ ಎರಡೂ ಮತ್ತೆ ಕಲಸಿಹೋಗುತ್ತವೆ, ಹಾಗಾಗಿ ಕಾಗದದ ಮೇಲೆ ಬರೆಯಬೇಕು. ನಡುವೆ ಗೆರೆ ಎಳೆದು, ಎಡಕ್ಕೆ ಯಾರು ನೋಡಿದರೂ ಒಪ್ಪುವ ಸಂಗತಿಗಳು, ಬಲಕ್ಕೆ ಅದರಿಂದ ಮನಸ್ಸು ಕಟ್ಟಿದ ಅರ್ಥಗಳು. ಬಲಗಡೆಯ ಒಂದೊಂದು ಅರ್ಥದ ಪಕ್ಕದಲ್ಲೂ ಅಷ್ಟೇ ಹೊಂದುವ ಇನ್ನೊಂದು ಅರ್ಥವನ್ನು ಬರೆಯಬೇಕು. ಕೆಟ್ಟದ್ದನ್ನು ಅಳಿಸಿ ಒಳ್ಳೆಯದನ್ನು ನಂಬಿಸುವುದು ಇದರ ಉದ್ದೇಶವಲ್ಲ. ಇರುವ ಮಾಹಿತಿಯಿಂದ ಯಾವ ತೀರ್ಮಾನಕ್ಕೂ ಬರಲಾಗದು ಎಂಬುದು ಕಣ್ಣಿಗೆ ಕಂಡರೆ ಸಾಕು.

ಮೂರನೆಯದು ಮತ್ತು ಮುಖ್ಯವಾದದ್ದು, ಯೋಜನೆ. ಮುಗಿಯದ ಕೆಲಸ ಮನಸ್ಸನ್ನು ಮತ್ತೆ ಮತ್ತೆ ಕೆದಕುತ್ತದೆ. ಇ.ಜೆ. ಮಾಸಿಕಾಂಪೊ ಮತ್ತು ರಾಯ್ ಬೌಮೈಸ್ಟರ್ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮುಗಿಯದ ಗುರಿಯೊಂದನ್ನು ತಲೆಯಲ್ಲಿಟ್ಟುಕೊಂಡವರಿಗೆ ಓದುವಾಗ ಗಮನ ತಪ್ಪುತ್ತಿತ್ತು. ಆ ಗುರಿಯನ್ನು ಯಾವಾಗ, ಹೇಗೆ ಪೂರೈಸುತ್ತೇನೆಂದು ಖಚಿತವಾಗಿ ಬರೆದುಕೊಂಡವರಿಗೆ, ಕೆಲಸ ಇನ್ನೂ ಮುಗಿಯದಿದ್ದರೂ, ಆ ಅಡಚಣೆ ಇಲ್ಲವಾಯಿತು. ಉತ್ತರ ಕಾಯುವವರ ಕೈಯಲ್ಲಿ ಉತ್ತರವಿಲ್ಲ, ಯೋಜನೆಯಿದೆ. ಅದರಲ್ಲಿ ಮೂರು ವಿಷಯಗಳಿರಬೇಕು: ದಿನಕ್ಕೆ ಯಾವ ಯಾವ ಹೊತ್ತಿಗೆ ಫೋನ್ ನೋಡುವುದು, ಉತ್ತರ ಬಾರದಿದ್ದರೆ ಯಾವ ದಿನ ಇನ್ನೊಮ್ಮೆ ಕೇಳುವುದು, ಆಮೇಲೂ ಬಾರದಿದ್ದರೆ ಯಾವ ದಿನ ವಿಷಯ ಮುಗಿಯಿತೆಂದು ಎಣಿಸುವುದು. ನೋಡುವ ಹೊತ್ತಿನ ನಡುವೆ ಆ ಚಾಟನ್ನು ಮ್ಯೂಟ್ ಮಾಡಬಹುದು. ಎಂಟು ಗಂಟೆಗಳ ಆಯ್ಕೆ ವಾಟ್ಸ್ಆ್ಯಪ್‌ನಲ್ಲೇ ಇದೆ. ರೀಡ್ ರಿಸೀಪ್ಟ್ಸ್ ಆಫ್ ಮಾಡಿದರೆ ತಾವು ಓದಿದ್ದು ಅವರಿಗೆ ಕಾಣದು, ಅವರು ಓದಿದ್ದೂ ತಮಗೆ ಕಾಣದು. ಟಿಕ್ ನೋಡುವ ಚಾಳಿಯಿದ್ದವರಿಗೆ ಈ ಎರಡನೆಯದೇ ಲಾಭ.

ನಾಲ್ಕನೆಯದು, ಚಿಂತೆಗೆ ಒಂದು ಹೊತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ವಿವರಿಸಿದ ಈ ವಿಧಾನ ಈಗಲೂ ಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ. ದಿನವೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಅರ್ಧ ಗಂಟೆ ಚಿಂತಿಸಲು ಮೀಸಲಿಡಬೇಕು. ಉಳಿದ ಹೊತ್ತಿನಲ್ಲಿ ಚಿಂತೆ ಬಂದರೆ ಅದನ್ನು ಗದರಿ ಓಡಿಸುವ ಬದಲು 'ಏಳು ಗಂಟೆಗೆ' ಎಂದು ಮುಂದೂಡಿ, ಕೈಯಲ್ಲಿರುವ ಕೆಲಸಕ್ಕೆ ಮರಳಬೇಕು. ಏಳು ಗಂಟೆಗೆ ಕುಳಿತು ನಿಜಕ್ಕೂ ಚಿಂತಿಸಬೇಕು. ತಡೆಯುವುದಕ್ಕೂ ಮುಂದೂಡುವುದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ತಡೆದ ಯೋಚನೆ ಮರಳಿ ನುಗ್ಗುತ್ತದೆ, ಹೊತ್ತು ಗೊತ್ತುಮಾಡಿಕೊಂಡ ಯೋಚನೆ ಕಾಯಬಲ್ಲದು. ಈ ಅರ್ಧ ಗಂಟೆ ಮಲಗುವ ಹೊತ್ತಿಗೆ ಹತ್ತಿರವಾಗಿರಬಾರದು, ಹಾಸಿಗೆಯ ಮೇಲಂತೂ ಕೂಡದು. ಹಾಸಿಗೆಗೂ ಚಿಂತೆಗೂ ನಂಟು ಬೆಳೆದರೆ ನಿದ್ದೆ ಕೆಡುತ್ತದೆ.

ಒಂದು ವಾರದ ಉದಾಹರಣೆ

ಈ ನಾಲ್ಕೂ ಕೂಡಿ ಹೇಗೆ ಕೆಲಸ ಮಾಡುತ್ತವೆಂದು ಒಂದು ಕಲ್ಪಿತ ಸನ್ನಿವೇಶದಲ್ಲಿ ನೋಡಬಹುದು. ಬೆಂಗಳೂರಿನಲ್ಲಿ ಕೆಲಸ ಮಾಡುವ ಇಪ್ಪತ್ತಾರರ ತರುಣನೊಬ್ಬನಿಗೆ ವಾರಾಂತ್ಯದ ಚಾರಣದಲ್ಲಿ ಪರಿಚಯವಾದ ಹುಡುಗಿ ಇಷ್ಟವಾಗಿದ್ದಾಳೆ. ಮಂಗಳವಾರ ರಾತ್ರಿ 8.10ಕ್ಕೆ ಅವನು ಬರೆಯುತ್ತಾನೆ: 'ಭಾನುವಾರ ಸಂಜೆ ರಂಗಶಂಕರದಲ್ಲಿ ಒಂದು ನಾಟಕ ಇದೆ. ನನ್ನ ಜೊತೆ ಬರ್ತೀರಾ?' ಎಂಟೂವರೆಗೆ ನೀಲಿ ಟಿಕ್. ಒಂಬತ್ತಕ್ಕೆ ಆಕೆ ಆನ್‌ಲೈನ್. ಹತ್ತೂವರೆಯಾದರೂ ಉತ್ತರವಿಲ್ಲ. ಅಷ್ಟರಲ್ಲಿ ಅವನು ಚಾಟನ್ನು ಇಪ್ಪತ್ತು ಸಲ ತೆರೆದಿದ್ದಾನೆ, ಹಳೆಯ ಮಾತುಕತೆಯನ್ನೆಲ್ಲ ಮೇಲಿನಿಂದ ಓದಿದ್ದಾನೆ, 'ನನ್ನ ಜೊತೆ' ಎಂಬ ಮಾತು ಅತಿಯಾಯಿತೇನೋ ಎಂದು ಕೊರಗಿದ್ದಾನೆ.

ಫೋನನ್ನು ಇನ್ನೊಂದು ಕೋಣೆಯಲ್ಲಿಟ್ಟು ಐದು ನಿಮಿಷ ನಿಧಾನವಾಗಿ ಉಸಿರಾಡಿದ ಮೇಲೆ ಅವನು ಕಾಗದ ತೆಗೆದುಕೊಳ್ಳುತ್ತಾನೆ. ಎಡಗಡೆ ಬರೆಯಲು ಸಿಗುವುದು ಮೂರೇ ಸಾಲು: ಸಂದೇಶ ತೆರೆದಿದ್ದಾಳೆ, ಅರ್ಧ ಗಂಟೆ ಬಿಟ್ಟು ಆ್ಯಪ್‌ನಲ್ಲಿದ್ದಳು, ಎರಡು ಗಂಟೆ ದಾಟಿದರೂ ಉತ್ತರಿಸಿಲ್ಲ. ಬಲಗಡೆ ಸಾಲುಗಳು ತಾವಾಗಿಯೇ ಬರುತ್ತವೆ: ಇಷ್ಟವಿಲ್ಲ, ಗೆಳತಿಯರಿಗೆ ತೋರಿಸಿ ನಗುತ್ತಿದ್ದಾಳೆ, ಇನ್ನು ಚಾರಣಕ್ಕೆ ಹೋದರೂ ಮುಖ ತೋರಿಸಲಾಗದು. ಇವುಗಳ ಪಕ್ಕದಲ್ಲಿ ಅಷ್ಟೇ ಹೊಂದುವ ಇನ್ನೊಂದು ಸಾಲು: ಭಾನುವಾರ ಬಿಡುವಿದೆಯೋ ಇಲ್ಲವೋ ಆಕೆಗೇ ಗೊತ್ತಿಲ್ಲ, ಏನು ಬರೆಯಬೇಕೆಂದು ಯೋಚಿಸುತ್ತಿದ್ದಾಳೆ, ಓದಿದಾಗ ಊಟದ ಹೊತ್ತಾಗಿತ್ತು. ಎಡಗಡೆಯ ಮೂರು ಸಾಲಿನಿಂದ ಬಲಗಡೆಯ ಯಾವುದನ್ನೂ ಸಾಧಿಸಲಾಗದು ಎಂಬುದು ಅವನಿಗೆ ಕಾಣುತ್ತದೆ. ತಳಮಳ ಹೋಗಿಲ್ಲ, ಆದರೆ 'ನಗುತ್ತಿದ್ದಾಳೆ' ಎಂಬುದು ಈಗ ಸುದ್ದಿಯಾಗಿ ಉಳಿದಿಲ್ಲ, ಊಹೆಯಾಗಿದೆ.

ಅದೇ ಕಾಗದದ ಕೆಳಗೆ ಯೋಜನೆ. ಬುಧವಾರ ಮತ್ತು ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಊಟವಾದ ಮೇಲೆ, ರಾತ್ರಿ ಒಂಬತ್ತಕ್ಕೆ ಮಾತ್ರ ಆ ಚಾಟ್ ನೋಡುವುದು, ಉಳಿದ ಹೊತ್ತು ಮ್ಯೂಟ್. ಟಿಕೆಟ್ ತೆಗೆದುಕೊಳ್ಳಬೇಕಾದ್ದರಿಂದ ಗುರುವಾರ ರಾತ್ರಿ ಇನ್ನೊಮ್ಮೆ ಕೇಳುವುದು. ಶನಿವಾರ ಮಧ್ಯಾಹ್ನದೊಳಗೆ ಉತ್ತರ ಬಾರದಿದ್ದರೆ ಗೆಳೆಯನೊಬ್ಬನನ್ನು ಕರೆದುಕೊಂಡು ನಾಟಕಕ್ಕೆ ಹೋಗುವುದು, ಈ ವಿಷಯದಲ್ಲಿ ಮತ್ತೆ ಬರೆಯದಿರುವುದು. ಚಿಂತೆಗೆ ಸಂಜೆ ಏಳರಿಂದ ಏಳೂವರೆ, ಬಾಲ್ಕನಿಯ ಕುರ್ಚಿ.

ಬುಧವಾರ ಹಗಲು ಅತಿ ಕಷ್ಟದ ಹೊತ್ತು. ಕೈ ತಾನಾಗಿಯೇ ಫೋನ್ ಕಡೆ ಹೋಗುತ್ತದೆ. ಹತ್ತು ಗಂಟೆಗೆ ಒಮ್ಮೆ ನೋಡಿಯೂ ಬಿಡುತ್ತಾನೆ. ಇದು ಸೋಲಲ್ಲ, ಮುಂದಿನ ಹೊತ್ತಿನಿಂದ ಯೋಜನೆಯನ್ನು ಮುಂದುವರಿಸಿದರಾಯಿತು. ನೋಡಬೇಕೆಂಬ ತುಡಿತ ಬಂದಾಗ ಗಡಿಯಾರ ನೋಡಿ ಹತ್ತು ನಿಮಿಷ ತಡೆದರೆ, ಅದು ಏರಿ, ಸ್ವಲ್ಪ ನಿಂತು, ಇಳಿಯುವುದು ಅನುಭವಕ್ಕೆ ಬರುತ್ತದೆ. ಫೋನ್ ನೋಡದೆಯೂ ಇಳಿಯಿತು ಎಂಬ ಈ ಅನುಭವವೇ ಹಳೆಯ ಸುತ್ತನ್ನು ಸಡಿಲಿಸುವಂಥದ್ದು. ಸಂಜೆ ಏಳಕ್ಕೆ ಬಾಲ್ಕನಿಯಲ್ಲಿ ಕುಳಿತಾಗ ಹದಿನೈದು ನಿಮಿಷಕ್ಕೆಲ್ಲ ಅದೇ ಯೋಚನೆ ಸುತ್ತಿ ಸುತ್ತಿ ಅವನಿಗೇ ಬೇಸರ ಬರಬಹುದು. ಹಗಲೆಲ್ಲ ಹರಡಿಕೊಂಡಾಗ ದೊಡ್ಡದಾಗಿ ಕಾಣುವ ಚಿಂತೆಯಲ್ಲಿ ನಿಜಕ್ಕೂ ಇರುವುದು ನಾಲ್ಕೈದು ವಾಕ್ಯಗಳೆಂದು ಆಗ ತಿಳಿಯುತ್ತದೆ.

ಗುರುವಾರ ರಾತ್ರಿ ಅವನು ಬರೆಯುತ್ತಾನೆ: 'ನಾಟಕದ ಟಿಕೆಟ್ ನಾಳೆ ತಗೊಳ್ತಿದ್ದೀನಿ. ಬರೋದಾದ್ರೆ ತಿಳಿಸಿ. ಆಗದಿದ್ರೂ ಪರವಾಗಿಲ್ಲ.' ಈ ಸಂದೇಶದಲ್ಲಿ 'ನೋಡಿಯೂ ಯಾಕೆ ಉತ್ತರಿಸಲಿಲ್ಲ' ಎಂಬ ಕೇಳಿಕೆಯಿಲ್ಲ, ಮುನಿಸಿಲ್ಲ, ಮೊದಲ ಸಂದೇಶಕ್ಕೆ ಕ್ಷಮೆಯೂ ಇಲ್ಲ. ಕೇಳಲು ಒಂದು ಕಾರಣವಿದೆ, ಬೇಡ ಎನ್ನಲು ದಾರಿಯಿದೆ. ಶುಕ್ರವಾರ ಬೆಳಿಗ್ಗೆ ಉತ್ತರ ಬರುತ್ತದೆ: 'ಅಮ್ಮ ಊರಿಂದ ಬಂದಿದ್ದಾರೆ, ಈ ವಾರ ಆಗಲ್ಲ. ಕೇಳಿದ್ದಕ್ಕೆ ಥ್ಯಾಂಕ್ಸ್.'

ಉತ್ತರ ಬಂದರೂ ಯೋಚನೆ ಮುಗಿಯುವುದಿಲ್ಲ. ಇದು ನಿಜವೋ ನೆಪವೋ ಎಂಬ ಹೊಸ ಸುತ್ತು ಶುರುವಾಗುವುದು ಇಲ್ಲಿಯೇ. ಆ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿಯೇ ಇಲ್ಲ. ಆಕೆ ಬೇರೆ ದಿನವನ್ನು ತಾನಾಗಿ ಸೂಚಿಸಿದ್ದಾಳೆಯೇ ಎಂಬುದಷ್ಟೇ ನೋಡಬೇಕಾದದ್ದು. 'ಮುಂದಿನ ವಾರ ಹೋಗೋಣವಾ?' ಎಂದಿದ್ದರೆ ಆಸಕ್ತಿಯಿದೆ. ಇಲ್ಲದಿದ್ದರೆ ಕಾರಣ ನಿಜವೇ ಆಗಿರಲಿ, ಸದ್ಯಕ್ಕೆ ಅದನ್ನು 'ಇಲ್ಲ' ಎಂದೇ ಎಣಿಸಬೇಕು. 'ಸರಿ, ಅಮ್ಮನ ಜೊತೆ ಚೆನ್ನಾಗಿ ಕಾಲ ಕಳೀರಿ. ಇನ್ಯಾವಾಗಾದ್ರೂ ಬರಬೇಕು ಅನ್ನಿಸಿದ್ರೆ ಹೇಳಿ' ಎಂದು ಬರೆದರೆ ಬಾಗಿಲು ತೆರೆದೇ ಇರುತ್ತದೆ, ಬಾಗಿಲ ಬಳಿ ನಿಂತು ಕಾಯುವ ಕೆಲಸ ಮುಗಿಯುತ್ತದೆ.

ಎಲ್ಲಿ ತಪ್ಪುತ್ತದೆ?

ಈ ದಾರಿಯಲ್ಲಿ ಸಾಮಾನ್ಯವಾಗಿ ಎಡವುವ ಜಾಗಗಳು ಕೆಲವಿವೆ. ಚಾಟ್ ನೋಡುವುದನ್ನು ನಿಲ್ಲಿಸಿ, ಅದೇ ಕೆಲಸವನ್ನು ಬೇರೆ ಬಾಗಿಲಿಂದ ಮಾಡುವುದು ಮೊದಲನೆಯದು. ಇನ್‌ಸ್ಟಾಗ್ರಾಮ್‌ನಲ್ಲಿ ಆಕೆ ಏನು ಹಾಕಿದ್ದಾಳೆ, ತನ್ನ ಸ್ಟೇಟಸ್ ನೋಡಿದ್ದಾಳೆಯೇ ಎಂದು ಹುಡುಕುವುದೂ ಚಾಟ್ ನೋಡಿದಂತೆಯೇ. ಆಕೆ ನೋಡಲೆಂದೇ ಸ್ಟೇಟಸ್ ಹಾಕುವುದೂ ಅದರದೇ ರೂಪ. ಹೊಸ ಸುಳಿವು ಹುಡುಕುವ ಯಾವ ಕೆಲಸವಾದರೂ ಯೋಜನೆಯ ಲೆಕ್ಕಕ್ಕೆ ಸೇರಬೇಕು.

ಎರಡನೆಯದು, ಚಾಟ್‌ನ ಸ್ಕ್ರೀನ್‌ಶಾಟನ್ನು ಗೆಳೆಯರಿಗೆ ಕಳಿಸಿ ಅರ್ಥ ಕೇಳುವುದು. ಆ ಕಡೆಯವರು ನಂಬಿ ಬರೆದ ಮಾತು ಹತ್ತು ಜನರ ಕೈಗೆ ಹೋಗುತ್ತದೆ ಎಂಬುದು ಹಾಗಿರಲಿ, ಅದರಿಂದ ಕಾಯುವವರಿಗೂ ನೆಮ್ಮದಿ ಸಿಗುವುದಿಲ್ಲ. ಗೆಳೆಯರು ಕೂತು ಒಂದೇ ತೊಂದರೆಯನ್ನು ಮತ್ತೆ ಮತ್ತೆ ಬಗೆದು ಮಾತಾಡುವುದರ ಬಗ್ಗೆ ಅಮೆರಿಕದ ಅಮಾಂಡಾ ರೋಸ್ 2002ರಿಂದ ನಡೆಸಿದ ಅಧ್ಯಯನಗಳಲ್ಲಿ, ಅದು ಸ್ನೇಹವನ್ನು ಗಾಢವಾಗಿಸುತ್ತದೆ, ಜೊತೆಗೆ ಕಳವಳವನ್ನೂ ಹೆಚ್ಚಿಸುತ್ತದೆ ಎಂದು ಕಂಡುಬಂದಿದೆ. ಗೆಳೆಯರಲ್ಲಿ ಹೇಳಿಕೊಳ್ಳುವುದು ತಪ್ಪಲ್ಲ. 'ಇದರ ಅರ್ಥ ಏನಿರಬಹುದು?' ಎಂದು ಕೇಳುವ ಬದಲು 'ಕಾಯುವುದು ಕಷ್ಟವಾಗ್ತಿದೆ, ಸ್ವಲ್ಪ ಹೊತ್ತು ಹೊರಗೆ ಹೋಗೋಣ' ಎಂದರೆ ಫಲ ಬೇರೆಯಾಗುತ್ತದೆ.

ಮೂರನೆಯದು, ತಳಮಳ ತಡೆಯಲಾರದೆ ಕಳಿಸುವ ಎರಡನೆಯ ಸಂದೇಶ. ಒಂದು ಪ್ರಶ್ನೆ ಗುರುತು, 'ಬ್ಯುಸಿನಾ?', 'ಸುಮ್ನೆ ಕೇಳ್ದೆ, ಬಿಡಿ'. ಇಂಥವು ಕೆಲವು ನಿಮಿಷ ಮನಸ್ಸನ್ನು ಹಗುರ ಮಾಡಿ, ಕಾಯಬೇಕಾದ ಉತ್ತರಗಳನ್ನು ಒಂದರಿಂದ ಎರಡಾಗಿಸುತ್ತವೆ. ಕಳಿಸಿದ್ದನ್ನು ಅಳಿಸುವುದೂ ಹಾಗೆಯೇ. ಎಲ್ಲರಿಗೂ ಕಾಣದಂತೆ ಅಳಿಸಿದರೂ ಸಂದೇಶ ಅಳಿಸಲಾಗಿದೆ ಎಂಬ ಸಾಲು ಅಲ್ಲಿ ಉಳಿಯುತ್ತದೆ, ಅದೇನಿತ್ತೋ ಎಂದು ಆ ಕಡೆಯವರು ಯೋಚಿಸಬೇಕಾಗುತ್ತದೆ. ಒಂದು ಸಂದೇಶವನ್ನು ಕಳಿಸುತ್ತಿರುವುದು ಹೇಳಲು ವಿಷಯವಿದೆಯೆಂದೋ, ಎದೆಯ ಭಾರ ಇಳಿಸಲೆಂದೋ ಎಂದು ಕೇಳಿಕೊಂಡು, ಎರಡನೆಯದಾದರೆ ಬೆಳಿಗ್ಗೆವರೆಗೆ ಬಿಟ್ಟರೆ ಸಾಕು.

ಕಾಯುವ ಹೊತ್ತನ್ನು ಏನಾದರೂ ಮಾಡಿ ತುಂಬಿಸಿದರಾಯಿತು ಎಂಬ ಎಣಿಕೆಯೂ ಸರಿಯಲ್ಲ. ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞೆ ಕೇಟ್ ಸ್ವೀನಿ ವಕೀಲಿ ಪರೀಕ್ಷೆ ಬರೆದು ಫಲಿತಾಂಶಕ್ಕೆ ನಾಲ್ಕು ತಿಂಗಳು ಕಾಯುವ ಪದವೀಧರರನ್ನು ಅಧ್ಯಯನ ಮಾಡಿದ್ದಾರೆ. ಸಮಾಧಾನಕ್ಕೆಂದು ಅವರು ಅನುಸರಿಸಿದ ಉಪಾಯಗಳಲ್ಲಿ ಹೆಚ್ಚಿನವು ಕಾಯುವಾಗಿನ ಕಳವಳವನ್ನು ಅಷ್ಟಾಗಿ ತಗ್ಗಿಸಲಿಲ್ಲ. ಮುಂದಿನ ಅಧ್ಯಯನಗಳಲ್ಲಿ, ಹೊತ್ತು ಹೋದದ್ದೇ ತಿಳಿಯದಂತೆ ಕೆಲಸದಲ್ಲಿ ಮುಳುಗಿದವರು ಕಾಯುವ ಕಾಲವನ್ನು ಮೇಲಾಗಿ ಕಳೆದರೆಂದು ಅವರ ತಂಡ ಕಂಡುಕೊಂಡಿತು. ಅಂಥ ಕೆಲಸ ತೀರಾ ಸುಲಭವಾಗಿರಬಾರದು, ಕೈಮೀರಿದ್ದೂ ಆಗಿರಬಾರದು, ಸರಿಯಾಗುತ್ತಿದೆಯೋ ಇಲ್ಲವೋ ಮಾಡುವಾಗಲೇ ತಿಳಿಯುತ್ತಿರಬೇಕು. ಶಟಲ್ ಆಟ, ವಾದ್ಯದ ಅಭ್ಯಾಸ, ಇದುವರೆಗೆ ಮಾಡದ ಅಡುಗೆ ಈ ಬಗೆಯವು. ಮೊಬೈಲ್‌ನಲ್ಲಿ ರೀಲ್ಸ್ ನೋಡುವುದು ಅಲ್ಲ. ಅದು ಮನಸ್ಸನ್ನು ಅರ್ಧವೇ ಹಿಡಿಯುತ್ತದೆ, ಮೇಲಾಗಿ ಕೈಯಲ್ಲಿರುವುದು ಅದೇ ಫೋನ್.

ಉತ್ತರವೇ ಬಾರದಿದ್ದರೆ

ಒಮ್ಮೆ ನೆನಪಿಸಿದ ಮೇಲೂ, ಗೊತ್ತುಮಾಡಿಕೊಂಡ ದಿನ ಕಳೆದರೂ ಉತ್ತರ ಬರದಿದ್ದರೆ ಆ ಮೌನವನ್ನು 'ಇಲ್ಲ' ಎಂದು ತೆಗೆದುಕೊಳ್ಳಬೇಕು. ಕಾರಣ ಮುಂದೆಂದೂ ತಿಳಿಯದೆ ಹೋಗಬಹುದು. ಮುಂದೇನು ಮಾಡಬೇಕೆಂದು ತೀರ್ಮಾನಿಸಲು ಕಾರಣ ಬೇಕಾಗುವುದಿಲ್ಲ, ದಿನಾಂಕ ಸಾಕು. ಇದರಲ್ಲಿ ಆ ಕಡೆಯವರ ಹಿತವೂ ಇದೆ. ಮೇಲಿಂದ ಮೇಲೆ ಬರೆಯುವುದು, ಬೇರೆ ನಂಬರಿನಿಂದ ಕರೆ ಮಾಡುವುದು, ಗೆಳತಿಯರ ಮೂಲಕ ಕೇಳಿಸುವುದು ಅವರಿಗೆ ಕಿರುಕುಳ. ಬೇಡವೆಂದು ಸ್ಪಷ್ಟವಾಗಿ ತಿಳಿಸಿದ ಮೇಲೂ ಹೆಣ್ಣೊಬ್ಬಳನ್ನು ಹಿಂಬಾಲಿಸಿ ಸಂಪರ್ಕಿಸುವುದು ಭಾರತದ ಕಾನೂನಿನಲ್ಲಿ ಅಪರಾಧ. ಉತ್ತರ ಬಾರದ ದಿನದಿಂದ ಒಂದೆರಡು ವಾರ ನೋವಿರುತ್ತದೆ. ಅದು ತಿಳಿದ ವಿಷಯದ ನೋವಾದ್ದರಿಂದ ದಿನ ಕಳೆದಂತೆ ಮಾಯುತ್ತದೆ.

ಈ ವಿಧಾನಗಳಿಗೂ ಮಿತಿಯಿದೆ. ಇಂಥ ತಳಮಳ ಒಬ್ಬರ ವಿಷಯದಲ್ಲಷ್ಟೇ ಅಲ್ಲದೆ ಗೆಳೆಯರು, ಮೇಲಧಿಕಾರಿ, ಮನೆಯವರು ಯಾರೇ ಉತ್ತರ ತಡ ಮಾಡಿದರೂ ಬರುತ್ತಿದ್ದರೆ, ವಾರಗಟ್ಟಲೆ ನಿದ್ದೆ ಅಥವಾ ಊಟ ಕೆಟ್ಟಿದ್ದರೆ, ಕೆಲಸ ಅಥವಾ ಓದು ನಿಂತುಹೋಗಿದ್ದರೆ, ಅದು ಒಂದು ಸಂದೇಶದ ಪ್ರಶ್ನೆಯಾಗಿ ಉಳಿದಿಲ್ಲ. ಬದುಕು ಬೇಡವೆನ್ನಿಸಿದರಂತೂ ಒಂದು ದಿನವೂ ತಡಮಾಡಬಾರದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅಲ್ಲಿಂದ ಅಗತ್ಯ ಕಂಡರೆ ಹತ್ತಿರದ ಮನೋವೈದ್ಯರ ಬಳಿಗೆ ಕಳಿಸುತ್ತಾರೆ. ಅನಿಶ್ಚಿತತೆಯನ್ನು ತಾಳಲಾರದ ಸ್ವಭಾವಕ್ಕೆ ಮಾತಿನ ಚಿಕಿತ್ಸೆ ಇದೆ, ಮೇಲೆ ಹೇಳಿದ ಬರವಣಿಗೆ, ಮುಂದೂಡಿಕೆ ಮತ್ತು ಫೋನ್ ನೋಡದೆ ಕಾಯುವ ಅಭ್ಯಾಸಗಳನ್ನು ಅಲ್ಲಿ ತಜ್ಞರ ಜೊತೆ ವಾರವಾರ ಕೂತು ಕಲಿಯಬಹುದು.